ಬುನಾದಿ ಸಮೀಕ್ಷಾ ವರದಿ

ಬುನಾದಿ ಸಮೀಕ್ಷಾ ವರದಿಯು ಅಭಿವೃದ್ಧಿ ಯೋಜನೆಯೊಂದು ಆರಂಭವಾಗುವ ಮೊದಲು ಯೋಜನಾ ಪ್ರದೇಶದ ಸ್ಥಿತಿ ಹೇಗಿತ್ತು ಎಂಬುದನ್ನು ಅಳತೆಯ ರೂಪದಲ್ಲಿ ದಾಖಲಿಸುವ ದಸ್ತಾವೇಜು. ಇದನ್ನು ಬೇಸ್‌ಲೈನ್ ವರದಿ ಎಂದೂ ಕರೆಯಲಾಗುತ್ತದೆ. ಸಾಮಾನ್ಯವಾಗಿ ಇದರಲ್ಲಿ ನಾಲ್ಕು ಭಾಗಗಳಿರುತ್ತವೆ: ಸಮೀಕ್ಷೆಗೆ ಕುಟುಂಬಗಳನ್ನು ಆಯ್ದುಕೊಂಡ ಬಗೆ, ಅಳೆಯಲಾದ ಸೂಚಕಗಳು, ಕಂಡುಬಂದ ಫಲಿತಾಂಶಗಳು ಹಾಗೂ ಕೆಲವು ವರ್ಷಗಳ ನಂತರ ಇದೇ ಅಂಕಿಗಳನ್ನು ಹೊಸ ಅಂಕಿಗಳೊಡನೆ ಹೋಲಿಸುವ ವಿಧಾನ.

ಒಂದು ಪ್ರದೇಶದ ಸ್ಥಿತಿಗತಿಯನ್ನು ವಿವರಿಸುವ ಸಾಮಾನ್ಯ ಅಧ್ಯಯನಕ್ಕೂ ಬುನಾದಿ ವರದಿಗೂ ಇರುವ ವ್ಯತ್ಯಾಸ ಈ ಕೊನೆಯ ಭಾಗದಲ್ಲಿದೆ. ಬುನಾದಿ ವರದಿಯ ಮುಖ್ಯ ಓದುಗರು ಮೂರು ಅಥವಾ ಐದು ವರ್ಷಗಳ ನಂತರ ಅದೇ ಹಳ್ಳಿಗಳಿಗೆ ಹೋಗಿ ಎರಡನೆಯ ಸಮೀಕ್ಷೆ ನಡೆಸುವವರು. ಮೊದಲ ತಂಡದ ಯಾರೂ ಆಗ ಜೊತೆಯಲ್ಲಿ ಇಲ್ಲದಿರಬಹುದು. ಆದ್ದರಿಂದ ವರದಿಯನ್ನಷ್ಟೇ ಓದಿ ಅದೇ ಅಳತೆಯನ್ನು ಅದೇ ರೀತಿಯಲ್ಲಿ ಮತ್ತೊಮ್ಮೆ ಮಾಡಲು ಸಾಧ್ಯವಾಗುವಂತೆ ಅದು ಇರಬೇಕಾಗುತ್ತದೆ. ಯೋಜನೆಗೆ ಮೊದಲು ಅಳೆಯದೆ ಬಿಟ್ಟ ಸಂಗತಿಯನ್ನು ಕೆಲಸ ಆರಂಭವಾದ ಮೇಲೆ ಅಳೆಯಲಾಗದು. ಹಿಂದಿನ ಸ್ಥಿತಿಯನ್ನು ಜನರ ನೆನಪಿನಿಂದ ಕೇಳಿ ಪಡೆಯಬಹುದಾದರೂ ಆ ಉತ್ತರಗಳು ಇಂದಿನ ಸ್ಥಿತಿಯ ಪ್ರಭಾವಕ್ಕೆ ಒಳಗಾಗಿರುತ್ತವೆ.

## ಒಡಿಶಾದ ಗ್ರಾಮ ನೈರ್ಮಲ್ಯ ಅಧ್ಯಯನ

ಬುನಾದಿ ಸಮೀಕ್ಷೆಯ ಕಾರ್ಯವಿಧಾನವನ್ನು ತಿಳಿಯಲು ಒಡಿಶಾದ ಪುರಿ ಜಿಲ್ಲೆಯಲ್ಲಿ ನಡೆದ ಗ್ರಾಮ ನೈರ್ಮಲ್ಯ ಅಧ್ಯಯನವು ಉತ್ತಮ ನಿದರ್ಶನ. ಕೇಂದ್ರ ಸರ್ಕಾರದ ಸಂಪೂರ್ಣ ಸ್ವಚ್ಛತಾ ಆಂದೋಲನದ ಅಡಿಯಲ್ಲಿ ಹಳ್ಳಿಗಳಲ್ಲಿ ಶೌಚಾಲಯಗಳನ್ನು ಕಟ್ಟಿಸಿದರೆ ಮಕ್ಕಳ ಅತಿಸಾರ ಕಡಿಮೆಯಾಗುವುದೇ ಎಂಬುದು ಅಧ್ಯಯನದ ಪ್ರಶ್ನೆಯಾಗಿತ್ತು. ಇದಕ್ಕಾಗಿ 100 ಹಳ್ಳಿಗಳನ್ನು ಆಯ್ದು, ಅವುಗಳಲ್ಲಿ 50ನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತುವ ಬಗೆಯಲ್ಲಿ, ಯೋಜನೆಗೆ ನಿಗದಿಪಡಿಸಲಾಯಿತು. ಉಳಿದ 50 ಹಳ್ಳಿಗಳು ಹೋಲಿಕೆಯ ಗುಂಪಾದವು. ಶೌಚಾಲಯಗಳು ಈಗಾಗಲೇ ಬಹಳ ಕಡಿಮೆ ಇರುವ ಹಳ್ಳಿಗಳನ್ನು ಮಾತ್ರ ಆಯ್ಕೆಗೆ ಪರಿಗಣಿಸಲಾಗಿತ್ತು.

ಬುನಾದಿ ಸಮೀಕ್ಷೆಯು 2010ರಲ್ಲಿ ನಡೆಯಿತು. ಯೋಜನೆಯ ಹಳ್ಳಿಗಳಲ್ಲಿ ಸರಾಸರಿ ಶೇ. 9ರಷ್ಟು ಮನೆಗಳಿಗೆ, ಹೋಲಿಕೆಯ ಹಳ್ಳಿಗಳಲ್ಲಿ ಶೇ. 8ರಷ್ಟು ಮನೆಗಳಿಗೆ ಶೌಚಾಲಯ ಇರುವುದು ಕಂಡುಬಂದಿತು. ಕಾಮಗಾರಿ ಮುಗಿದ ಮೇಲೆ 2012 ಮತ್ತು 2013ರಲ್ಲಿ ಕುಟುಂಬಗಳನ್ನು ಮತ್ತೆ ಮತ್ತೆ ಭೇಟಿ ಮಾಡಿ ಮಾಹಿತಿ ಪಡೆಯಲಾಯಿತು. ಥಾಮಸ್ ಕ್ಲಾಸೆನ್ ಮತ್ತು ಸಂಗಡಿಗರು ಇದರ ಫಲಿತಾಂಶವನ್ನು 2014ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಆ ಫಲಿತಾಂಶವನ್ನು ಈ ಲೇಖನದ ಹೋಲಿಕೆಯ ವಿಭಾಗದಲ್ಲಿ ವಿವರಿಸಲಾಗಿದೆ.

## ಮಾದರಿ ಆಯ್ಕೆ

### ಕುಟುಂಬಗಳ ಪಟ್ಟಿ

ಯೋಜನಾ ಪ್ರದೇಶದ ಎಲ್ಲ ಕುಟುಂಬಗಳನ್ನೂ ಸಂದರ್ಶಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲದ ಕಾರಣ ಒಂದು ಮಾದರಿಯನ್ನು ಆಯ್ದುಕೊಳ್ಳಲಾಗುತ್ತದೆ. ಗ್ರಾಮೀಣ ಸಮೀಕ್ಷೆಗಳಲ್ಲಿ ಆಯ್ಕೆಯು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಹಳ್ಳಿಗಳನ್ನು, ಎರಡನೆಯ ಹಂತದಲ್ಲಿ ಆ ಹಳ್ಳಿಗಳೊಳಗಿನ ಕುಟುಂಬಗಳನ್ನು ಆಯ್ದುಕೊಳ್ಳಲಾಗುತ್ತದೆ. ಹಳ್ಳಿಗಳ ಆಯ್ಕೆಗೆ ಜನಗಣತಿಯ ಪಟ್ಟಿ ಸಾಕಾಗುತ್ತದೆ. ಆದರೆ ಕುಟುಂಬಗಳ ಆಯ್ಕೆಗೆ ಸಮೀಕ್ಷಕರು ಹಳ್ಳಿಯ ಪ್ರತಿ ಮನೆಯನ್ನೂ ಸುತ್ತಿ ಹೊಸ ಪಟ್ಟಿಯನ್ನು ತಯಾರಿಸಬೇಕಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಇದೇ ಕ್ರಮವಿದೆ. ಅದರ ನಾಲ್ಕನೆಯ ಮತ್ತು ಐದನೆಯ ಸುತ್ತುಗಳಲ್ಲಿ, ಆಯ್ಕೆಯಾದ ಪ್ರತಿ ಪ್ರದೇಶದ ಮನೆಗಳನ್ನು ಮೊದಲು ಪಟ್ಟಿ ಮಾಡಿ, ಆ ಪಟ್ಟಿಯಿಂದ 22 ಕುಟುಂಬಗಳನ್ನು ಸಂದರ್ಶನಕ್ಕೆ ಆಯ್ದುಕೊಳ್ಳಲಾಗಿತ್ತು.

ಪಟ್ಟಿಯ ಹಂತವನ್ನು ಕೈಬಿಟ್ಟರೆ ಆಗುವ ನಷ್ಟವನ್ನು ಹೈದರಾಬಾದಿನ ಕಿರುಸಾಲ ಅಧ್ಯಯನವು ತೋರಿಸಿಕೊಟ್ಟಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಈ ಅಧ್ಯಯನಕ್ಕಾಗಿ 2005ರಲ್ಲಿ ನಗರದ 120 ಬಡ ವಸತಿ ಪ್ರದೇಶಗಳಲ್ಲಿ 2,800 ಕುಟುಂಬಗಳ ಬುನಾದಿ ಸಮೀಕ್ಷೆ ನಡೆಯಿತು. ಸಮೀಕ್ಷೆಗೆ ಮೊದಲು ಆ ಪ್ರದೇಶಗಳ ಎಲ್ಲ ಮನೆಗಳ ಗಣತಿ ನಡೆದಿರಲಿಲ್ಲ. ಹೀಗಾಗಿ ಸಂದರ್ಶನಕ್ಕೆ ಸಿಕ್ಕ ಕುಟುಂಬಗಳು ಇಡೀ ವಸತಿಯನ್ನು ಪ್ರತಿನಿಧಿಸುತ್ತವೆ ಎಂದು ಹೇಳುವಂತಿರಲಿಲ್ಲ. ಮುಂದೆ ಅಳತೆ ಮಾಡುವಾಗ ಸಂಶೋಧಕರು ಹಳೆಯ ಕುಟುಂಬಗಳನ್ನೇ ಹುಡುಕಿಕೊಂಡು ಹೋಗಲಿಲ್ಲ. ಮನೆಗಳ ಗಣತಿಯನ್ನು ಹೊಸದಾಗಿ ನಡೆಸಿ, 6,800ಕ್ಕೂ ಹೆಚ್ಚು ಕುಟುಂಬಗಳ ಬೇರೆಯೇ ಮಾದರಿಯನ್ನು ಆಯ್ದುಕೊಂಡರು. ಯೋಜನೆಗೆ ಸೇರುವ ಪ್ರದೇಶಗಳನ್ನು ಯಾದೃಚ್ಛಿಕವಾಗಿ ನಿರ್ಧರಿಸಿದ್ದರಿಂದ ಅಧ್ಯಯನ ಉಳಿದುಕೊಂಡಿತು. ಆದರೆ ಒಂದೊಂದು ಕುಟುಂಬದ ಹಿಂದಿನ ಮತ್ತು ಈಗಿನ ಸ್ಥಿತಿಯನ್ನು ಹೋಲಿಸುವ ಅವಕಾಶ ತಪ್ಪಿಹೋಯಿತು.

ಬುನಾದಿ ಪಟ್ಟಿಯು ಸಂಶೋಧನೆಯ ಹೊರಗೂ ಪರಿಣಾಮ ಬೀರುತ್ತದೆ. ಸ್ವಚ್ಛ ಭಾರತ ಅಭಿಯಾನದ ಗ್ರಾಮೀಣ ಭಾಗದಲ್ಲಿ ಪ್ರಗತಿಯನ್ನು 2012ರ ಬುನಾದಿ ಸಮೀಕ್ಷೆಯಲ್ಲಿ ಸಿದ್ಧವಾದ ಕುಟುಂಬಗಳ ಪಟ್ಟಿಯ ಆಧಾರದ ಮೇಲೆ ಅಳೆಯಲಾಯಿತು. ಸಮೀಕ್ಷೆಯ ವೇಳೆ ತಪ್ಪಿಹೋದ ಕುಟುಂಬಗಳು ಮತ್ತು ಆಮೇಲೆ ಬೇರೆಯಾಗಿ ಮನೆ ಹೂಡಿದ ಕುಟುಂಬಗಳು ಆ ಲೆಕ್ಕದಲ್ಲಿ ಇರಲಿಲ್ಲ. ಇಂತಹವರನ್ನು ಬುನಾದಿ ಪಟ್ಟಿಯಿಂದ ಬಿಟ್ಟುಹೋದ ಕುಟುಂಬಗಳೆಂದು ನಂತರ ಪ್ರತ್ಯೇಕವಾಗಿ ಗುರುತಿಸಬೇಕಾಯಿತು. ಶೇ. 100 ಎಂಬ ಅಂಕಿಯನ್ನು ಓದುವಾಗ ಅದು ಯಾವ ವರ್ಷದ, ಯಾವ ಪಟ್ಟಿಯ ನೂರು ಎಂಬುದನ್ನು ನೋಡಬೇಕಾಗುತ್ತದೆ. ಈ ಕಾರಣದಿಂದ ಪಟ್ಟಿಯನ್ನು ಯಾವಾಗ, ಯಾರು, ಯಾವ ನಿಯಮದಂತೆ ತಯಾರಿಸಿದರು ಮತ್ತು ‘ಕುಟುಂಬ’ ಎಂದು ಯಾವುದನ್ನು ಎಣಿಸಿದರು ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಲಾಗುತ್ತದೆ. ಒಂದೇ ಒಲೆಯಲ್ಲಿ ಅಡುಗೆ ಮಾಡಿ ಉಣ್ಣುವವರು ಒಂದು ಕುಟುಂಬ ಎಂಬುದು ಭಾರತದ ಸಮೀಕ್ಷೆಗಳಲ್ಲಿ ರೂಢಿಯಲ್ಲಿರುವ ನಿಯಮ.

### ಮಾದರಿಯ ಗಾತ್ರ

ಎಷ್ಟು ಕುಟುಂಬಗಳು ಬೇಕು ಎಂಬುದು ಯೋಜನೆಯಿಂದ ಎಷ್ಟು ಬದಲಾವಣೆಯನ್ನು ನಿರೀಕ್ಷಿಸಲಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಜಿಲ್ಲೆಯ ಜನಸಂಖ್ಯೆಯ ಇಂತಿಷ್ಟು ಶೇಕಡಾ ಎಂಬ ಲೆಕ್ಕಕ್ಕೆ ಇಲ್ಲಿ ಆಧಾರವಿಲ್ಲ. ಸಣ್ಣ ಬದಲಾವಣೆಯನ್ನು ಗುರುತಿಸಲು ದೊಡ್ಡ ಮಾದರಿ ಬೇಕು. ದೊಡ್ಡ ಬದಲಾವಣೆಗೆ ಸಣ್ಣ ಮಾದರಿ ಸಾಕು.

ಒಂದು ಕಲ್ಪಿತ ಉದಾಹರಣೆಯಿಂದ ಲೆಕ್ಕದ ಕ್ರಮವನ್ನು ತಿಳಿಯಬಹುದು. ಒಂದು ಯೋಜನೆಯು ಶೌಚಾಲಯ ಬಳಸುವ ಕುಟುಂಬಗಳ ಪ್ರಮಾಣವನ್ನು ಶೇ. 40ರಿಂದ ಶೇ. 55ಕ್ಕೆ ಏರಿಸುವ ಗುರಿ ಹೊಂದಿದೆ ಎಂದುಕೊಂಡರೆ, ಯೋಜನೆಯ ಗುಂಪು ಮತ್ತು ಹೋಲಿಕೆಯ ಗುಂಪಿನ ನಡುವೆ ಕೊನೆಯಲ್ಲಿ ಈ ವ್ಯತ್ಯಾಸವನ್ನು ಗುರುತಿಸಲು ಪ್ರತಿ ಗುಂಪಿನಲ್ಲಿ ಬೇಕಾಗುವ ಕುಟುಂಬಗಳ ಸಂಖ್ಯೆ ಹೀಗೆ ದೊರೆಯುತ್ತದೆ:

```
n = (1.96 + 0.84)² × [p₁(1 − p₁) + p₂(1 − p₂)] ÷ (p₂ − p₁)²
  = 7.84 × (0.24 + 0.2475) ÷ 0.0225
  ≈ 170
```

ಇಲ್ಲಿ 1.96 ಎಂಬುದು ಶೇ. 95ರ ವಿಶ್ವಾಸ ಮಟ್ಟಕ್ಕೆ ಸಂಬಂಧಿಸಿದ ಸಂಖ್ಯೆ. 0.84 ಎಂಬುದು, ವ್ಯತ್ಯಾಸವು ನಿಜವಾಗಿಯೂ ಇದ್ದಲ್ಲಿ ಅದನ್ನು ಗುರುತಿಸುವ ಸಾಧ್ಯತೆ ಶೇ. 80 ಇರಬೇಕು ಎಂಬ ಆಯ್ಕೆಯಿಂದ ಬಂದದ್ದು.

ಆದರೆ 170 ಸಾಕಾಗುವುದಿಲ್ಲ. ಒಂದೇ ಹಳ್ಳಿಯ ಕುಟುಂಬಗಳು ಒಂದನ್ನೊಂದು ಹೋಲುತ್ತವೆ. ನೀರಿನ ಲಭ್ಯತೆ, ಮಣ್ಣು, ಗ್ರಾಮ ಪಂಚಾಯಿತಿಯ ಆಸಕ್ತಿ ಇವೆಲ್ಲ ಹಳ್ಳಿಯ ಎಲ್ಲರಿಗೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಒಂದು ಹಳ್ಳಿಯ ಇಪ್ಪತ್ತನೆಯ ಕುಟುಂಬವನ್ನು ಸಂದರ್ಶಿಸುವುದರಿಂದ ಸಿಗುವ ಹೊಸ ಮಾಹಿತಿ, ಬೇರೆ ಹಳ್ಳಿಯ ಮೊದಲ ಕುಟುಂಬದಿಂದ ಸಿಗುವುದಕ್ಕಿಂತ ಕಡಿಮೆ. ಈ ಹೋಲಿಕೆಯ ಪ್ರಮಾಣವನ್ನು 0.05 ಎಂದು ಹಿಡಿದು, ಪ್ರತಿ ಹಳ್ಳಿಯಲ್ಲಿ 20 ಕುಟುಂಬಗಳನ್ನು ತೆಗೆದುಕೊಂಡರೆ, ಮಾದರಿಯನ್ನು 1 + (20 − 1) × 0.05, ಅಂದರೆ 1.95 ಪಟ್ಟು ಹೆಚ್ಚಿಸಬೇಕಾಗುತ್ತದೆ. ಈ ಗುಣಕವನ್ನು ವಿನ್ಯಾಸ ಪರಿಣಾಮ ಎನ್ನಲಾಗುತ್ತದೆ. ಆಗ 170ರ ಬದಲು 332 ಕುಟುಂಬಗಳು ಬೇಕಾಗುತ್ತವೆ. ಎರಡನೆಯ ಸಮೀಕ್ಷೆಯ ಹೊತ್ತಿಗೆ ಹತ್ತರಲ್ಲಿ ಒಂದು ಕುಟುಂಬ ವಲಸೆಯಿಂದಲೋ ಬೇರೆ ಕಾರಣದಿಂದಲೋ ಸಿಗದೆ ಹೋಗಬಹುದೆಂದು 332ನ್ನು 0.9ರಿಂದ ಭಾಗಿಸಿದರೆ 369 ಆಗುತ್ತದೆ. ಹಳ್ಳಿಗೆ 20ರಂತೆ 19 ಹಳ್ಳಿಗಳಲ್ಲಿ 380 ಕುಟುಂಬಗಳು ಒಂದು ಗುಂಪಿಗೆ ಬೇಕಾಗುತ್ತವೆ. ಎರಡೂ ಗುಂಪುಗಳಿಗೆ ಸೇರಿ 760.

ಗ್ರಾಮೀಣ ಸಮೀಕ್ಷೆಗಳಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ವೆಚ್ಚ ಉಳಿಸಲು ನಾಲ್ಕೈದು ಹಳ್ಳಿಗಳನ್ನಷ್ಟೇ ಆಯ್ದು ಪ್ರತಿಯೊಂದರಲ್ಲೂ ನೂರು ಮನೆಗಳನ್ನು ಸಂದರ್ಶಿಸುವುದು. ಮೇಲಿನ ಲೆಕ್ಕದಂತೆ ಆಗ ವಿನ್ಯಾಸ ಪರಿಣಾಮ 5.95ಕ್ಕೆ ಏರುತ್ತದೆ. ವರದಿಯಲ್ಲಿ 500 ಸಂದರ್ಶನಗಳೆಂದು ಬರೆದಿದ್ದರೂ ಅವುಗಳ ತೂಕ ಸುಮಾರು 84 ಸ್ವತಂತ್ರ ಸಂದರ್ಶನಗಳಷ್ಟೇ. ವರದಿಯೊಂದರಲ್ಲಿ ಕುಟುಂಬಗಳ ಸಂಖ್ಯೆಯ ಜೊತೆಗೆ ಹಳ್ಳಿಗಳ ಸಂಖ್ಯೆಯನ್ನೂ ನೋಡಿದರೆ ಈ ದೋಷ ತಿಳಿಯುತ್ತದೆ.

## ಸೂಚಕಗಳು

ಸೂಚಕವೆಂದರೆ ಬದಲಾವಣೆಯನ್ನು ಗುರುತಿಸಲು ಅಳೆಯುವ ನಿರ್ದಿಷ್ಟ ಸಂಗತಿ. ‘ನೈರ್ಮಲ್ಯದ ಸುಧಾರಣೆ’ ಎಂಬುದು ಆಶಯ. ‘ಸಮೀಕ್ಷೆಯ ದಿನ ಛಾವಣಿ, ಬಾಗಿಲು, ಒಡೆಯದ ಬೇಸಿನ್ ಮತ್ತು ಗುಂಡಿಗೆ ಜೋಡಿಸಿದ ಕೊಳವೆ ಇರುವ ಶೌಚಾಲಯವನ್ನು ಹೊಂದಿರುವ ಕುಟುಂಬಗಳ ಶೇಕಡಾವಾರು’ ಎಂಬುದು ಸೂಚಕ. ಪ್ರತಿ ಸೂಚಕಕ್ಕೂ ವರದಿಯಲ್ಲಿ ಮೂರು ಸಂಗತಿಗಳು ದಾಖಲಾಗಿರಬೇಕು: ಭಿನ್ನರಾಶಿಯ ಮೇಲಿನ ಸಂಖ್ಯೆ ಯಾವುದು, ಕೆಳಗಿನ ಸಂಖ್ಯೆ ಯಾವುದು, ಮಾಹಿತಿಯನ್ನು ಕೇಳಿ ಪಡೆದದ್ದೋ ಕಣ್ಣಾರೆ ನೋಡಿ ಬರೆದದ್ದೋ.

ಸೂಚಕಗಳನ್ನು ಸಾಮಾನ್ಯವಾಗಿ ಕಾರಣ ಮತ್ತು ಪರಿಣಾಮದ ಸರಪಳಿಯಂತೆ ಜೋಡಿಸಲಾಗುತ್ತದೆ. ನೈರ್ಮಲ್ಯ ಯೋಜನೆಯಲ್ಲಿ ಮೊದಲ ಕೊಂಡಿ ಶೌಚಾಲಯ ಇರುವುದು, ಎರಡನೆಯದು ಅದು ಬಳಸುವ ಸ್ಥಿತಿಯಲ್ಲಿರುವುದು, ಮೂರನೆಯದು ಮನೆಮಂದಿ ಅದನ್ನು ನಿಜವಾಗಿ ಬಳಸುವುದು, ಕೊನೆಯದು ಮಕ್ಕಳ ಆರೋಗ್ಯ. ಒಡಿಶಾದ ಅಧ್ಯಯನದಲ್ಲಿ ಮುಖ್ಯ ಸೂಚಕವು ಐದು ವರ್ಷದೊಳಗಿನ ಮಕ್ಕಳಲ್ಲಿ ಹಿಂದಿನ ಏಳು ದಿನಗಳಲ್ಲಿ ಅತಿಸಾರ ಕಾಣಿಸಿಕೊಂಡ ಪ್ರಮಾಣವಾಗಿತ್ತು. ಅದರೊಡನೆ ಕರುಳಿನ ಹುಳುಗಳ ಸೋಂಕು, ಮಕ್ಕಳ ತೂಕ ಮತ್ತು ಎತ್ತರವನ್ನೂ ಅಳೆಯಲಾಯಿತು. ಮಧ್ಯದ ಕೊಂಡಿಗಳನ್ನು ಅಳೆಯದೆ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಅಳೆದರೆ, ಆರೋಗ್ಯ ಸುಧಾರಿಸದಿದ್ದಾಗ ಸರಪಳಿ ಎಲ್ಲಿ ತುಂಡಾಯಿತು ಎಂಬುದನ್ನು ಹೇಳಲು ಸಾಧ್ಯವಾಗುವುದಿಲ್ಲ.

ಪ್ರಶ್ನೆಯ ಪದಗಳು ಮತ್ತು ಅವಧಿ ಎರಡೂ ಸಮೀಕ್ಷೆಗಳಲ್ಲಿ ಒಂದೇ ಆಗಿರಬೇಕಾದುದು ಕಡ್ಡಾಯ. ಇದಕ್ಕೆ ಭಾರತದ ಅಂಕಿಸಂಖ್ಯೆಗಳ ಇತಿಹಾಸದಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 1993–94ರ ಸುತ್ತಿನಲ್ಲಿ ಆಹಾರದ ಖರ್ಚನ್ನು ಹಿಂದಿನ 30 ದಿನಗಳ ಲೆಕ್ಕದಲ್ಲಿ ಕೇಳಲಾಗಿತ್ತು. 1999–2000ದ 55ನೆಯ ಸುತ್ತಿನಲ್ಲಿ 30 ದಿನಗಳ ಲೆಕ್ಕದ ಜೊತೆಗೆ 7 ದಿನಗಳ ಲೆಕ್ಕವನ್ನೂ ಅದೇ ಪ್ರಶ್ನಾವಳಿಯಲ್ಲಿ ಕೇಳಲಾಯಿತು. ಜನರು ಹತ್ತಿರದ ಏಳು ದಿನಗಳ ಖರ್ಚನ್ನು ಹೆಚ್ಚು ಪೂರ್ಣವಾಗಿ ಹೇಳುತ್ತಾರೆ. ಎರಡೂ ಉತ್ತರಗಳು ಅಕ್ಕಪಕ್ಕದಲ್ಲಿ ಇದ್ದುದರಿಂದ 30 ದಿನಗಳ ಉತ್ತರವೂ ಅದರಂತೆ ಏರಿರಬಹುದೆಂಬ ಸಂದೇಹ ಹುಟ್ಟಿತು. ಬಡತನದ ಪ್ರಮಾಣವು ಶೇ. 36ರಿಂದ ಶೇ. 26ಕ್ಕೆ ಇಳಿಯಿತು ಎಂಬ ಅಧಿಕೃತ ಅಂದಾಜಿನಲ್ಲಿ ನಿಜವಾದ ಇಳಿಕೆ ಎಷ್ಟು, ಪ್ರಶ್ನಾವಳಿ ಬದಲಾದುದರಿಂದ ಆದ ಇಳಿಕೆ ಎಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರ ನಡುವೆ ದೀರ್ಘಕಾಲ ಚರ್ಚೆ ನಡೆಯಿತು. ಈ ಕಾರಣಕ್ಕಾಗಿ ಬುನಾದಿ ವರದಿಯ ಅನುಬಂಧದಲ್ಲಿ ಪೂರ್ಣ ಪ್ರಶ್ನಾವಳಿಯನ್ನು, ಸ್ಥಳೀಯ ಭಾಷೆಯಲ್ಲಿ ಕೇಳಿದ ರೂಪದಲ್ಲಿಯೇ, ಸೇರಿಸಲಾಗುತ್ತದೆ.

## ಕ್ಷೇತ್ರಕಾರ್ಯ

ಸಮೀಕ್ಷೆ ನಡೆದ ತಿಂಗಳುಗಳು ವರದಿಯಲ್ಲಿ ಇರಲೇಬೇಕಾದ ಮಾಹಿತಿ. ಅತಿಸಾರವು ಮಳೆಗಾಲದಲ್ಲಿ ಹೆಚ್ಚು, ಕೂಲಿಯ ಆದಾಯವು ಸುಗ್ಗಿಯಲ್ಲಿ ಹೆಚ್ಚು, ಕುಡಿಯುವ ನೀರಿಗಾಗಿ ನಡೆಯುವ ದೂರವು ಬೇಸಿಗೆಯಲ್ಲಿ ಹೆಚ್ಚು. ಬುನಾದಿ ಸಮೀಕ್ಷೆಯನ್ನು ಆಗಸ್ಟ್‌ನಲ್ಲಿಯೂ ಎರಡನೆಯದನ್ನು ಫೆಬ್ರವರಿಯಲ್ಲಿಯೂ ನಡೆಸಿದರೆ, ಯೋಜನೆಯಿಂದ ಏನೂ ಆಗದಿದ್ದರೂ ಅತಿಸಾರ ಇಳಿದಂತೆ ಕಾಣುತ್ತದೆ.

ಸಮೀಕ್ಷೆಯು ಯೋಜನೆಗಿಂತ ಮುಂಚೆಯೇ ಮುಗಿದಿರಬೇಕು ಎಂಬ ನಿಯಮವು ಸರಳವಾಗಿ ಕಂಡರೂ ಆಚರಣೆಯಲ್ಲಿ ಹೆಚ್ಚಾಗಿ ಮುರಿಯುತ್ತದೆ. ಹಣ ಬಿಡುಗಡೆಯಾದ ಕೂಡಲೇ ಕಾಮಗಾರಿ ಆರಂಭವಾಗಿ, ಸಮೀಕ್ಷೆಯ ಗುತ್ತಿಗೆ ತಿಂಗಳುಗಳ ನಂತರ ಅಂತಿಮಗೊಳ್ಳುವುದುಂಟು. ಆಗ ಬುನಾದಿ ಅಂಕಿಯಲ್ಲಿಯೇ ಯೋಜನೆಯ ಫಲದ ಒಂದು ಭಾಗ ಸೇರಿಹೋಗಿ, ಮುಂದಿನ ಹೋಲಿಕೆಯಲ್ಲಿ ಫಲವು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಸೌಲಭ್ಯ ಸಿಗಬಹುದೆಂಬ ಸುದ್ದಿ ಹರಡಿದ ಮೇಲೆ ಸಂದರ್ಶನ ನಡೆದರೆ ಕೆಲವರು ತಮ್ಮ ಆದಾಯವನ್ನೂ ಆಸ್ತಿಯನ್ನೂ ಕಡಿಮೆ ಮಾಡಿ ಹೇಳುತ್ತಾರೆ.

ಪ್ರಶ್ನೆಗಳನ್ನು ಮೊದಲು ಮಾದರಿಯಲ್ಲಿಲ್ಲದ ಹಳ್ಳಿಯೊಂದರಲ್ಲಿ ಪರೀಕ್ಷಿಸಲಾಗುತ್ತದೆ. ಸಮೀಕ್ಷೆ ನಡೆಯುವಾಗ ಮೇಲ್ವಿಚಾರಕರು ಕೆಲವು ಮನೆಗಳಿಗೆ ಮತ್ತೆ ಹೋಗಿ, ಮನೆಯ ಸದಸ್ಯರ ಸಂಖ್ಯೆ, ಮಕ್ಕಳ ವಯಸ್ಸು, ಮನೆಯ ಗೋಡೆಯ ಬಗೆ ಮುಂತಾದ ಕೆಲವೇ ದಿನಗಳಲ್ಲಿ ಬದಲಾಗದ ಸಂಗತಿಗಳನ್ನು ಮರುಪರಿಶೀಲಿಸುತ್ತಾರೆ. ಎರಡು ಉತ್ತರಗಳು ಹೊಂದದಿದ್ದರೆ ಆ ಸಮೀಕ್ಷಕರ ಉಳಿದ ಹಾಳೆಗಳನ್ನೂ ಪರಿಶೀಲಿಸಲಾಗುತ್ತದೆ. ಒಬ್ಬ ಸಮೀಕ್ಷಕರ ಹಾಳೆಗಳಲ್ಲಿ ಮಾತ್ರ ಮಕ್ಕಳಿಲ್ಲದ ಮನೆಗಳು ಅಸಹಜವಾಗಿ ಹೆಚ್ಚಿದ್ದರೆ, ಮಕ್ಕಳ ಕುರಿತ ಉದ್ದನೆಯ ಭಾಗವನ್ನು ತಪ್ಪಿಸಲು ಹಾಗೆ ಬರೆದಿರುವ ಸಾಧ್ಯತೆಯಿರುತ್ತದೆ.

ಪ್ರತಿ ಕುಟುಂಬಕ್ಕೂ ಒಂದು ಸ್ಥಿರ ಸಂಕೇತ ಸಂಖ್ಯೆಯನ್ನು ಕೊಟ್ಟು, ಮನೆಯನ್ನು ಮತ್ತೆ ಹುಡುಕಲು ಬೇಕಾದ ವಿವರಗಳನ್ನು ಉಳಿದ ದತ್ತಾಂಶದಿಂದ ಬೇರೆಯಾಗಿ, ಗೌಪ್ಯವಾಗಿ ಇಡಲಾಗುತ್ತದೆ. ಈ ಪಟ್ಟಿ ಕಳೆದುಹೋದರೆ ಎರಡನೆಯ ಸಮೀಕ್ಷೆಯ ತಂಡಕ್ಕೆ ಅದೇ ಕುಟುಂಬಗಳನ್ನು ಗುರುತಿಸುವ ದಾರಿಯಿರುವುದಿಲ್ಲ.

## ಫಲಿತಾಂಶಗಳ ನಿರೂಪಣೆ

ಬುನಾದಿ ವರದಿಯ ಫಲಿತಾಂಶಗಳಲ್ಲಿ ಎರಡು ಬಗೆಯ ಕೋಷ್ಟಕಗಳು ಮುಖ್ಯವಾದವು. ಮೊದಲನೆಯದು ಪ್ರತಿ ಸೂಚಕದ ಅಂದಾಜು ಮತ್ತು ಅದರ ಅನಿಶ್ಚಿತತೆಯನ್ನು ತೋರಿಸುತ್ತದೆ. ಮೇಲಿನ ಕಲ್ಪಿತ ಉದಾಹರಣೆಯಲ್ಲಿ 380 ಕುಟುಂಬಗಳ ಗುಂಪಿನಲ್ಲಿ ಶೇ. 40ರಷ್ಟು ಕುಟುಂಬಗಳು ಶೌಚಾಲಯ ಬಳಸುತ್ತಿವೆ ಎಂದು ಕಂಡುಬಂದರೆ, ವಿನ್ಯಾಸ ಪರಿಣಾಮವನ್ನು ಸೇರಿಸಿದ ಮೇಲೆ ಶೇ. 95ರ ವಿಶ್ವಾಸದ ವ್ಯಾಪ್ತಿ ಸುಮಾರು ಶೇ. 33ರಿಂದ ಶೇ. 47ರವರೆಗೆ ಇರುತ್ತದೆ. ಈ ವ್ಯಾಪ್ತಿಯನ್ನು ಕೊಡದೆ ‘ಶೇ. 40.26’ ಎಂದು ದಶಮಾಂಶಗಳೊಡನೆ ಬರೆದರೆ ಮಾದರಿಗೆ ಇಲ್ಲದ ನಿಖರತೆಯನ್ನು ಅದಕ್ಕೆ ಆರೋಪಿಸಿದಂತಾಗುತ್ತದೆ.

ಎರಡನೆಯದು ಸಮತೋಲನದ ಕೋಷ್ಟಕ. ಯೋಜನೆಯ ಹಳ್ಳಿಗಳೂ ಹೋಲಿಕೆಯ ಹಳ್ಳಿಗಳೂ ಆರಂಭದಲ್ಲಿ ಒಂದೇ ಸ್ಥಿತಿಯಲ್ಲಿದ್ದವೇ ಎಂಬುದನ್ನು ಇದು ಅಕ್ಕಪಕ್ಕದ ಎರಡು ಅಂಕಣಗಳಲ್ಲಿ ತೋರಿಸುತ್ತದೆ. ಒಡಿಶಾದ ಶೇ. 9 ಮತ್ತು ಶೇ. 8 ಎಂಬ ಅಂಕಿಗಳು ಇಂತಹ ಕೋಷ್ಟಕದ ಒಂದು ಸಾಲು. ಶೌಚಾಲಯದ ಜೊತೆಗೆ ಕುಟುಂಬದ ಗಾತ್ರ, ಶಿಕ್ಷಣ, ಜಾತಿವರ್ಗ, ನೀರಿನ ಮೂಲ ಮುಂತಾದ, ಫಲಿತಾಂಶದ ಮೇಲೆ ಪ್ರಭಾವ ಬೀರಬಲ್ಲ ಸಂಗತಿಗಳನ್ನೂ ಹೀಗೆಯೇ ಹೋಲಿಸಲಾಗುತ್ತದೆ. ಹತ್ತಾರು ಸಾಲುಗಳಲ್ಲಿ ಒಂದೆರಡರಲ್ಲಿ ವ್ಯತ್ಯಾಸ ಕಾಣುವುದು ಆಕಸ್ಮಿಕವಾಗಿಯೂ ಸಾಧ್ಯ. ಹೆಚ್ಚಿನ ಸಾಲುಗಳು ಒಂದೇ ದಿಕ್ಕಿಗೆ ವಾಲಿದ್ದರೆ, ಉದಾಹರಣೆಗೆ ಯೋಜನೆಯ ಹಳ್ಳಿಗಳೇ ಎಲ್ಲದರಲ್ಲೂ ಮುಂದಿದ್ದರೆ, ಅನುಕೂಲವಂತ ಹಳ್ಳಿಗಳು ಯೋಜನೆಗೆ ಸೇರಿಕೊಂಡಿವೆ ಎಂದು ತಿಳಿಯಬೇಕಾಗುತ್ತದೆ.

ಬುನಾದಿ ಹಂತದಲ್ಲಿಯೇ ಯೋಜನೆಯ ಗುರಿಗಳು ತಿದ್ದುಪಡಿಯಾಗುವುದೂ ಉಂಟು. ಶೇ. 20 ಎಂದು ಊಹಿಸಿದ್ದ ಸೂಚಕವು ಆಗಲೇ ಶೇ. 75 ಇದೆಯೆಂದು ತಿಳಿದರೆ ಅದರಲ್ಲಿ ಏರಿಕೆಗೆ ಉಳಿದಿರುವ ಅವಕಾಶ ಕಡಿಮೆ. ಅಂತಹ ಸಂದರ್ಭದಲ್ಲಿ ಗುರಿಯನ್ನೂ ಮಾದರಿಯ ಲೆಕ್ಕವನ್ನೂ ಮರುಪರಿಶೀಲಿಸಿ, ಕಾರಣವನ್ನು ವರದಿಯಲ್ಲಿ ನಮೂದಿಸಲಾಗುತ್ತದೆ.

## ಮುಂದಿನ ಹೋಲಿಕೆ

ಯೋಜನೆಗೆ ಮೊದಲಿನ ಅಂಕಿಯನ್ನು ನಂತರದ ಅಂಕಿಯಿಂದ ಕಳೆಯುವುದು ಅತ್ಯಂತ ಸರಳವಾದ ಹೋಲಿಕೆ. ಆದರೆ ಯೋಜನೆ ಇಲ್ಲದಿದ್ದರೂ ಕಾಲ ಬದಲಾಗುತ್ತದೆ. ರಸ್ತೆ ಬರುತ್ತದೆ, ಕೂಲಿ ಏರುತ್ತದೆ, ಬೇರೆ ಇಲಾಖೆಗಳ ಯೋಜನೆಗಳೂ ಬರುತ್ತವೆ. ಆಫ್ರಿಕಾದ ಹಲವು ದೇಶಗಳಲ್ಲಿ ನಡೆದ ಸಹಸ್ರಮಾನದ ಗ್ರಾಮಗಳ ಯೋಜನೆಯು ಈ ಕಾರಣಕ್ಕೆ ಟೀಕೆಗೆ ಒಳಗಾಯಿತು. ಆ ಗ್ರಾಮಗಳಲ್ಲಿ ಕಂಡುಬಂದ ಹಲವು ಸುಧಾರಣೆಗಳು, ಉದಾಹರಣೆಗೆ ಮೊಬೈಲ್ ಫೋನ್ ಹೊಂದಿರುವವರ ಹೆಚ್ಚಳ, ಅದೇ ಅವಧಿಯಲ್ಲಿ ಆಯಾ ದೇಶದ ಉಳಿದ ಭಾಗಗಳಲ್ಲಿಯೂ ಕಂಡುಬಂದಿದ್ದವು ಎಂದು ಮೈಕೆಲ್ ಕ್ಲೆಮೆನ್ಸ್ ಮತ್ತು ಗೇಬ್ರಿಯಲ್ ಡೆಮೊಂಬಿನ್ಸ್ ತೋರಿಸಿದರು. ಹೋಲಿಕೆಯ ಗ್ರಾಮಗಳನ್ನು ಯೋಜನೆ ಆರಂಭವಾದ ಮೇಲೆ ಆಯ್ದುಕೊಂಡಿದ್ದರಿಂದ ಅವುಗಳ ಆರಂಭಿಕ ಸ್ಥಿತಿಯ ಅಳತೆ ಇರಲಿಲ್ಲ. ಮಕ್ಕಳ ಮರಣ ಪ್ರಮಾಣವು ಈ ಗ್ರಾಮಗಳಲ್ಲಿ ರಾಷ್ಟ್ರೀಯ ಗತಿಗಿಂತ ಮೂರು ಪಟ್ಟು ವೇಗವಾಗಿ ಇಳಿಯಿತೆಂದು 2012ರಲ್ಲಿ ಪ್ರಕಟವಾದ ಹೇಳಿಕೆಯನ್ನು, ಹೋಲಿಸಿದ ಅವಧಿಗಳು ಒಂದೇ ಅಲ್ಲವೆಂದು ತಿಳಿದ ಮೇಲೆ, ಲೇಖಕರೇ ಹಿಂತೆಗೆದುಕೊಂಡರು.

ಈ ತೊಂದರೆಯನ್ನು ತಪ್ಪಿಸಲು ಹೋಲಿಕೆಯ ಗುಂಪನ್ನೂ ಎರಡು ಬಾರಿ ಅಳೆಯಲಾಗುತ್ತದೆ. ಒಡಿಶಾದಲ್ಲಿ ಯೋಜನೆಯ ಹಳ್ಳಿಗಳ ಶೌಚಾಲಯದ ಪ್ರಮಾಣ ಶೇ. 9ರಿಂದ ಶೇ. 63ಕ್ಕೆ ಏರಿತು, ಏರಿಕೆ 54 ಅಂಶಗಳು. ಅದೇ ಅವಧಿಯಲ್ಲಿ ಯೋಜನೆಯಿಲ್ಲದ ಹಳ್ಳಿಗಳಲ್ಲಿಯೂ ಅದು ಶೇ. 8ರಿಂದ ಶೇ. 12ಕ್ಕೆ ಏರಿತು, ಏರಿಕೆ 4 ಅಂಶಗಳು. ಈ ನಾಲ್ಕು ಅಂಶಗಳು ಯೋಜನೆಯಿಲ್ಲದೆಯೂ ಆಗುತ್ತಿದ್ದ ಬದಲಾವಣೆಯ ಅಂದಾಜು. ಆದ್ದರಿಂದ ಯೋಜನೆಯ ಫಲವೆಂದು ಹೇಳಬಹುದಾದುದು 54ರಿಂದ 4ನ್ನು ಕಳೆದ 50 ಅಂಶಗಳು. ಈ ವಿಧಾನಕ್ಕೆ ವ್ಯತ್ಯಾಸಗಳ ವ್ಯತ್ಯಾಸ ಎಂದು ಹೆಸರು. ಯೋಜನೆಯಿಲ್ಲದಿದ್ದರೆ ಎರಡೂ ಗುಂಪುಗಳು ಒಂದೇ ಗತಿಯಲ್ಲಿ ಸಾಗುತ್ತಿದ್ದವು ಎಂಬುದು ಇದರ ಮೂಲ ಊಹೆ. ಯಾದೃಚ್ಛಿಕ ಆಯ್ಕೆಯಿದ್ದಾಗ ಈ ಊಹೆಗೆ ಗಟ್ಟಿಯಾದ ಆಧಾರವಿರುತ್ತದೆ. ಅದಿಲ್ಲದಿದ್ದಾಗ, ಯೋಜನೆಗೆ ಹಿಂದಿನ ಒಂದೆರಡು ವರ್ಷಗಳ ಅಂಕಿಗಳಲ್ಲಿ ಎರಡೂ ಗುಂಪುಗಳ ಗತಿ ಒಂದೇ ಆಗಿತ್ತೇ ಎಂದು ನೋಡುವುದು ರೂಢಿ.

ಶೌಚಾಲಯಗಳ ಸಂಖ್ಯೆಯಲ್ಲಿ ಇಷ್ಟು ದೊಡ್ಡ ಏರಿಕೆಯಾದರೂ ಮಕ್ಕಳ ಅತಿಸಾರದಲ್ಲಿ ಇಳಿಕೆ ಕಂಡುಬರಲಿಲ್ಲ. ಏಳು ದಿನಗಳ ಅವಧಿಯ ಅತಿಸಾರದ ಪ್ರಮಾಣ ಯೋಜನೆಯ ಹಳ್ಳಿಗಳಲ್ಲಿ ಶೇ. 8.8, ಹೋಲಿಕೆಯ ಹಳ್ಳಿಗಳಲ್ಲಿ ಶೇ. 9.1 ಇತ್ತು. ಇದು ಆಕಸ್ಮಿಕವಾಗಿಯೂ ಉಂಟಾಗಬಲ್ಲಷ್ಟು ಸಣ್ಣ ವ್ಯತ್ಯಾಸ. ಹುಳುಗಳ ಸೋಂಕಿನಲ್ಲಿಯೂ ಮಕ್ಕಳ ಬೆಳವಣಿಗೆಯಲ್ಲಿಯೂ ಸುಧಾರಣೆ ಕಾಣಲಿಲ್ಲ. ಇಲ್ಲಿ ಬುನಾದಿ ಸಮೀಕ್ಷೆಯ ಎರಡು ಗುಣಗಳು ಉಪಯೋಗಕ್ಕೆ ಬಂದವು. ಆರಂಭದಲ್ಲಿ ಎರಡೂ ಗುಂಪುಗಳು ಸಮಾನವಾಗಿದ್ದವು ಎಂಬುದು ದಾಖಲಾಗಿದ್ದರಿಂದ, ಯೋಜನೆಯ ಹಳ್ಳಿಗಳು ಮೊದಲೇ ಹಿಂದುಳಿದಿದ್ದವು ಎಂಬ ವಿವರಣೆಗೆ ಎಡೆಯಿರಲಿಲ್ಲ. ಸರಪಳಿಯ ಮಧ್ಯದ ಕೊಂಡಿಗಳನ್ನೂ ಅಳೆದಿದ್ದರಿಂದ, ಶೇ. 63ರಷ್ಟು ಮನೆಗಳಿಗೆ ಶೌಚಾಲಯ ಬಂದಿದ್ದರೂ ಬಳಸುವ ಸ್ಥಿತಿಯಲ್ಲಿದ್ದ ಶೌಚಾಲಯಗಳು ಶೇ. 38ರಷ್ಟು ಮನೆಗಳಲ್ಲಿ ಮಾತ್ರ ಎಂಬುದು ತಿಳಿದುಬಂದಿತು. ಕಟ್ಟಿದ ಶೌಚಾಲಯಗಳ ಎಣಿಕೆಯೊಂದನ್ನೇ ಸೂಚಕವಾಗಿ ಇಟ್ಟುಕೊಂಡಿದ್ದರೆ ಈ ಯೋಜನೆಯು ಯಶಸ್ವಿಯೆಂದೇ ದಾಖಲಾಗುತ್ತಿತ್ತು.

## ಹೋಲಿಕೆಯ ಯೋಜನೆಯಲ್ಲಿ ಇರಬೇಕಾದ ವಿವರಗಳು

ಹೋಲಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಬುನಾದಿ ವರದಿಯಲ್ಲಿಯೇ ಬರೆದಿಡುವುದಕ್ಕೆ ಕಾರಣವಿದೆ. ಐದು ವರ್ಷಗಳ ನಂತರ ಇಪ್ಪತ್ತು ಸೂಚಕಗಳ ಅಂಕಿಗಳನ್ನು ಮುಂದಿಟ್ಟುಕೊಂಡಾಗ, ಅವುಗಳಲ್ಲಿ ಏರಿಕೆ ಕಂಡ ಎರಡು ಮೂರನ್ನು ಮಾತ್ರ ಆಯ್ದು ತೋರಿಸುವುದು ಸುಲಭ. ಯಾವುದು ಮುಖ್ಯ ಸೂಚಕ ಎಂಬುದನ್ನು ಮೊದಲೇ ಘೋಷಿಸಿದ್ದರೆ ಅಂತಹ ಆಯ್ಕೆಗೆ ಅವಕಾಶವಿರುವುದಿಲ್ಲ. ಆದುದರಿಂದ ವರದಿಯ ಕೊನೆಯ ಅಧ್ಯಾಯದಲ್ಲಿ ಮುಖ್ಯ ಸೂಚಕ, ಎರಡನೆಯ ಸಮೀಕ್ಷೆ ನಡೆಯಬೇಕಾದ ತಿಂಗಳು, ಅದೇ ಕುಟುಂಬಗಳನ್ನು ಸಂದರ್ಶಿಸಬೇಕೋ ಅದೇ ಹಳ್ಳಿಗಳ ಹೊಸ ಕುಟುಂಬಗಳನ್ನೋ ಎಂಬ ನಿರ್ಧಾರ ಮತ್ತು ಲೆಕ್ಕದ ವಿಧಾನವನ್ನು ನಮೂದಿಸಲಾಗುತ್ತದೆ.

ಅದೇ ಕುಟುಂಬಗಳನ್ನು ಮತ್ತೆ ಸಂದರ್ಶಿಸಿದರೆ ಪ್ರತಿ ಕುಟುಂಬದ ಬದಲಾವಣೆಯನ್ನು ನೇರವಾಗಿ ನೋಡಬಹುದು. ಆದರೆ ಊರು ಬಿಟ್ಟುಹೋದ ಕುಟುಂಬಗಳು ಲೆಕ್ಕದಿಂದ ತಪ್ಪಿಹೋಗುತ್ತವೆ. ಹಾಗೆ ತಪ್ಪಿಹೋದವರ ಬುನಾದಿ ಅಂಕಿಗಳನ್ನು ಉಳಿದವರ ಬುನಾದಿ ಅಂಕಿಗಳೊಡನೆ ಹೋಲಿಸಿದರೆ, ಅವರು ಹೆಚ್ಚು ಬಡವರಾಗಿದ್ದರೇ ಎಂಬುದು ತಿಳಿಯುತ್ತದೆ. ಬಡ ಕುಟುಂಬಗಳೇ ಹೆಚ್ಚಾಗಿ ವಲಸೆ ಹೋಗಿದ್ದರೆ, ಯಾರ ಬದುಕೂ ಸುಧಾರಿಸದಿದ್ದರೂ ಹಳ್ಳಿಯ ಸರಾಸರಿ ಏರಿದಂತೆ ಕಾಣುತ್ತದೆ. ಪ್ರತಿ ಬಾರಿಯೂ ಹೊಸ ಕುಟುಂಬಗಳನ್ನು ಆಯ್ದುಕೊಂಡರೆ ಹಳ್ಳಿಯ ಅಂದಿನ ನಿಜವಾದ ಚಿತ್ರ ಸಿಗುತ್ತದೆ, ಆದರೆ ಬದಲಾವಣೆ ಯಾರ ಮನೆಯಲ್ಲಿ ಆಯಿತು ಎಂಬುದು ತಿಳಿಯುವುದಿಲ್ಲ. ಯೋಜನೆಯ ಪ್ರಶ್ನೆ ಕುಟುಂಬಗಳ ಕುರಿತದ್ದೋ ಹಳ್ಳಿಯ ಕುರಿತದ್ದೋ ಎಂಬುದರ ಮೇಲೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಾಗುತ್ತದೆ.